ಸಿಆರ್‌ಪಿ ಹೃದ್ರೋಗಕ್ಕೆ ಕಾರಣವೇ? ಮೆಂಡೇಲಿಯನ್ ರಾಂಡಮೈಸೇಶನ್ ಮಾಡುವ ಸಮಗ್ರ ಮಾರ್ಗದರ್ಶಿ

ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಹೆಚ್ಚಿರುವವರಿಗೆ ಮುಂದೆ ಹೃದಯಾಘಾತವೂ ಹೆಚ್ಚು. ಇಷ್ಟು ನಿಜ. ಆದರೆ ಸಿಆರ್‌ಪಿಯನ್ನು ತಗ್ಗಿಸಿದರೆ ಹೃದಯಾಘಾತ ತಪ್ಪುತ್ತದೆಯೇ ಎಂದು ಕೇಳಿದರೆ ಈ ಮಾಹಿತಿಯಿಂದ ಉತ್ತರ ಸಿಗುವುದಿಲ್ಲ. ಧೂಮಪಾನ ಮತ್ತು ಬೊಜ್ಜು ಎರಡನ್ನೂ ಏರಿಸುತ್ತವೆ. ರಕ್ತನಾಳದಲ್ಲಿ ಆಗಲೇ ಕೊಬ್ಬು ಕಟ್ಟಿಕೊಂಡಿದ್ದರೆ ಆ ಕಾಯಿಲೆಯೇ ಸಿಆರ್‌ಪಿಯನ್ನು ಏರಿಸಿರಬಹುದು. ರಿಗ್ರೆಶನ್‌ನಲ್ಲಿ ಎಷ್ಟೇ ಅಂಶಗಳನ್ನು ಸೇರಿಸಿ ಸರಿಹೊಂದಿಸಿದರೂ ಅಳೆಯದೆ ಬಿಟ್ಟದ್ದು, ಅರೆಬರೆ ಅಳೆದದ್ದು ಉಳಿದೇ ಉಳಿಯುತ್ತದೆ.

ಮೆಂಡೇಲಿಯನ್ ರಾಂಡಮೈಸೇಶನ್ ಹಿಡಿಯುವ ದಾರಿ ಬೇರೆ. ಒಂದೇ ಜೀನ್‌ನ ಬೇರೆ ಬೇರೆ ರೂಪಗಳಿಗೆ ಆಲೀಲ್ ಎನ್ನುತ್ತಾರೆ. ತಂದೆತಾಯಿಯ ಎರಡು ಆಲೀಲ್‌ಗಳಲ್ಲಿ ಯಾವುದು ಮಗುವಿಗೆ ಬರುತ್ತದೆ ಎಂಬುದು ಗರ್ಭ ಕಟ್ಟುವಾಗಲೇ, ಯಾದೃಚ್ಛಿಕವಾಗಿ ತೀರ್ಮಾನವಾಗುತ್ತದೆ. ಮುಂದೆ ಆ ಮಗು ಸಿಗರೇಟು ಸೇದಲಿ, ಕಾಯಿಲೆ ಬೀಳಲಿ, ಆಲೀಲ್ ಬದಲಾಗದು. ಹಾಗಾಗಿ ಸಿಆರ್‌ಪಿಯನ್ನು ಏರಿಸುವ ಆಲೀಲ್ ಹೊತ್ತವರಲ್ಲಿ ಹೃದ್ರೋಗವೂ ಅದಕ್ಕೆ ತಕ್ಕಷ್ಟು ಹೆಚ್ಚಿದ್ದರೆ ಸಿಆರ್‌ಪಿ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಹೆಚ್ಚಿಲ್ಲದಿದ್ದರೆ ಅನುಮಾನ ಸಡಿಲಗೊಳ್ಳುತ್ತದೆ.

ವಿದ್ಯಾರ್ಥಿಗಳು ಸೋಲುವುದು ಗಣಿತದಲ್ಲಿ ಅಲ್ಲವೇ ಅಲ್ಲ. ಪ್ಯಾಕೇಜ್ ಹಾಕಿಕೊಂಡು, ನಾಲ್ಕು ಸಾಲು ಕೋಡ್ ಓಡಿಸಿ, ಪಿ-ಮೌಲ್ಯ 0.05ಕ್ಕಿಂತ ಕೆಳಗೆ ಬಂದೊಡನೆ ‘ಕಾರಣ’ ಎಂದು ಬರೆದುಬಿಡುತ್ತಾರೆ. ಆರಿಸಿದ ವೇರಿಯಂಟ್, ಅಂದರೆ ಜನರಿಂದ ಜನರಿಗೆ ಬದಲಾಗುವ ಡಿಎನ್‌ಎಯ ಆ ಒಂದು ಜಾಗ, ದೇಹದಲ್ಲಿ ನಿಜಕ್ಕೂ ಏನು ಮಾಡುತ್ತದೆ ಎಂದು ಆ ನಾಲ್ಕು ಸಾಲುಗಳು ಕೇಳುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎರಡನೇ ಹಂತ ಉದ್ದವಾಗಿದೆ, ಕೋಡ್ ಚಿಕ್ಕದಾಗಿದೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ಎರಡು ಜಿನೋಮ್-ವ್ಯಾಪಿ ಅಧ್ಯಯನಗಳ ಸಾರಾಂಶ ಫಲಿತಾಂಶ ಬೇಕು: ಒಂದು ಸಿಆರ್‌ಪಿಯದ್ದು, ಇನ್ನೊಂದು ಕೊರೊನರಿ ಹೃದ್ರೋಗದ್ದು. ಎರಡರಲ್ಲೂ ಪ್ರತಿ ವೇರಿಯಂಟ್‌ಗೆ ಪರಿಣಾಮ ತೋರುವ ಆಲೀಲ್, ಇನ್ನೊಂದು ಆಲೀಲ್, ಆಲೀಲ್ ಆವರ್ತನ, ಪರಿಣಾಮದ ಗಾತ್ರ, ಸ್ಟ್ಯಾಂಡರ್ಡ್ ಎರರ್ ಇರಬೇಕು. ಆವರ್ತನದ ಕಾಲಂ ಇಲ್ಲದ ಫೈಲನ್ನು ಸಾಧ್ಯವಾದರೆ ಬಿಟ್ಟುಬಿಡಿ. ಏಕೆಂದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಆರ್ ಭಾಷೆಯಲ್ಲಿ `TwoSampleMR` ಮತ್ತು `MendelianRandomization` ಪ್ಯಾಕೇಜ್‌ಗಳು ಸಾಕು. ಇಂಥ ಸಾರಾಂಶ ಫಲಿತಾಂಶಗಳ ಆನ್‌ಲೈನ್ ಸಂಗ್ರಹವಾದ ಓಪನ್‌ಜಿವಾಸ್‌ನ ದತ್ತಾಂಶಕ್ಕೆ ಈಗ ಟೋಕನ್ ಬೇಕು. ಅದನ್ನು `.Renviron` ಫೈಲಿನಲ್ಲಿ `OPENGWAS_JWT` ಎಂಬ ಹೆಸರಿನಲ್ಲಿ ಇಟ್ಟು ಆರ್ ಅನ್ನು ಮತ್ತೆ ತೆರೆಯಿರಿ. ಟೋಕನ್ ಇಲ್ಲದೆ ಬರುವ ದೋಷಸಂದೇಶವನ್ನು ‘ವೇರಿಯಂಟ್ ಸಿಗಲಿಲ್ಲ’ ಎಂದು ಓದಿಕೊಂಡವರು ಸಾಕಷ್ಟಿದ್ದಾರೆ.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬಿಗಿಮಾಡಿ

‘ಉರಿಯೂತ ಹೃದ್ರೋಗಕ್ಕೆ ಕಾರಣವೇ’ ಎಂಬುದು ಈ ವಿಧಾನಕ್ಕೆ ದಕ್ಕುವ ಪ್ರಶ್ನೆಯಲ್ಲ. ಉರಿಯೂತ ಎನ್ನುವುದು ಹತ್ತಾರು ಅಣುಗಳ ಸರಪಳಿ. ಅದರಲ್ಲಿ ಯಾವ ಕೊಂಡಿಯನ್ನು ಅಲುಗಾಡಿಸಿ ನೋಡಬೇಕು ಎಂದು ಮೊದಲೇ ಹೇಳಬೇಕು. ನಮ್ಮ ಪ್ರಶ್ನೆ ಹೀಗಿರಲಿ: ರಕ್ತದಲ್ಲಿ ಸಂಚರಿಸುವ ಸಿಆರ್‌ಪಿ ಪ್ರಮಾಣ ಜೀವನಪೂರ್ತಿ ಹೆಚ್ಚಿದ್ದರೆ ಕೊರೊನರಿ ಹೃದ್ರೋಗದ ಅಪಾಯ ಹೆಚ್ಚುತ್ತದೆಯೇ?

‘ಜೀವನಪೂರ್ತಿ’ ಎಂಬ ಪದವನ್ನು ಬಿಡಬೇಡಿ. ಆಲೀಲ್ ಮಾಡುವ ವ್ಯತ್ಯಾಸ ಚಿಕ್ಕದು, ಆದರೆ ಹುಟ್ಟಿದಾಗಿನಿಂದ ಇರುವುದು. ನಡುವಯಸ್ಸಿನಲ್ಲಿ ಐದು ವರ್ಷ ಕೊಟ್ಟ ಔಷಧದ ಪರಿಣಾಮ ಇದಕ್ಕೆ ಸಮ ಎಂದುಕೊಂಡರೆ ಕೊನೆಯಲ್ಲಿ ಸಂಖ್ಯೆಯನ್ನು ತಪ್ಪಾಗಿ ಓದುತ್ತೀರಿ.

ಸಿಆರ್‌ಪಿಯ ಅಳತೆಯನ್ನೂ ಇಲ್ಲೇ ನಿಗದಿಮಾಡಿ. ಅದರ ಹಂಚಿಕೆ ಬಲಕ್ಕೆ ತುಂಬ ಚಾಚಿಕೊಂಡಿರುವುದರಿಂದ ಅಧ್ಯಯನಗಳು ನ್ಯಾಚುರಲ್ ಲಾಗ್ ಬಳಸುತ್ತವೆ. ಲಾಗ್‌ನಲ್ಲಿ 1 ಘಟಕ ಏರಿತು ಎಂದರೆ ಸಿಆರ್‌ಪಿ ಸುಮಾರು 2.7 ಪಟ್ಟಾಯಿತು ಎಂದರ್ಥ. ಇದು ಸಣ್ಣ ಏರಿಕೆಯಲ್ಲ, ಫಲಿತಾಂಶ ಓದುವಾಗ ನೆನಪಿರಲಿ.

## ಹಂತ 2: ವೇರಿಯಂಟ್ ಆರಿಸಿ

ವೇರಿಯಂಟ್ ಮೂರು ಷರತ್ತುಗಳಿಗೆ ಒಪ್ಪಬೇಕು. ಅದು ಸಿಆರ್‌ಪಿಯನ್ನು ನಿಜವಾಗಿ ಏರಿಳಿಸಬೇಕು. ಸಿಆರ್‌ಪಿಗೂ ಹೃದ್ರೋಗಕ್ಕೂ ಸಾಮಾನ್ಯವಾದ ಯಾವ ಕಾರಣದೊಂದಿಗೂ ಅದಕ್ಕೆ ನಂಟಿರಬಾರದು. ಹೃದ್ರೋಗವನ್ನು ಮುಟ್ಟುವುದಿದ್ದರೆ ಸಿಆರ್‌ಪಿಯ ಮೂಲಕವೇ ಮುಟ್ಟಬೇಕು, ಅಡ್ಡದಾರಿ ಇರಬಾರದು. ಮೊದಲನೆಯದನ್ನು ದತ್ತಾಂಶದಲ್ಲೇ ನೋಡಬಹುದು. ಎರಡನೆಯದನ್ನು ಸ್ವಲ್ಪ ಮಟ್ಟಿಗೆ ನೋಡಬಹುದು. ಮೂರನೆಯದನ್ನು ಯಾವ ಪರೀಕ್ಷೆಯೂ ಸಾಬೀತು ಮಾಡುವುದಿಲ್ಲ. ಅದು ಜೀವಶಾಸ್ತ್ರದ ತಿಳಿವಳಿಕೆಯಿಂದ ಬರಬೇಕಾದ ತೀರ್ಮಾನ.

ಹೆಚ್ಚಿನವರು ಮಾಡುವುದು ಇಷ್ಟು: ಇಡೀ ಜಿನೋಮ್‌ನಲ್ಲಿ ಸಿಆರ್‌ಪಿ ಜೊತೆ ಪಿ-ಮೌಲ್ಯ 5×10⁻⁸ಕ್ಕಿಂತ ಕಡಿಮೆ ಇರುವ ಎಲ್ಲ ವೇರಿಯಂಟ್‌ಗಳನ್ನೂ ಎತ್ತಿಕೊಳ್ಳುವುದು. ಆ ಪಟ್ಟಿಯಲ್ಲಿ ಏನೇನು ಬರುತ್ತದೆ ನೋಡಿ. ಎಪಿಒಇ ಜೀನ್‌ನ ಬಳಿಯ ವೇರಿಯಂಟ್ ಬರುತ್ತದೆ. ಅದು ಎಲ್‌ಡಿಎಲ್ ಕೊಲೆಸ್ಟರಾಲನ್ನು ನೇರವಾಗಿ ಬದಲಿಸುತ್ತದೆ. ಎಚ್‌ಎನ್‌ಎಫ್1ಎ ಬರುತ್ತದೆ, ಅದು ಯಕೃತ್ತು ಮತ್ತು ಮೇದೋಜೀರಕದಲ್ಲಿ ಬೇರೆ ಹಲವು ಜೀನ್‌ಗಳನ್ನು ನಿಯಂತ್ರಿಸುತ್ತದೆ. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ರೂಪಿಸುವ ಐಎಲ್6ಆರ್ ಬರುತ್ತದೆ. ಅದು ಸಿಆರ್‌ಪಿಗಿಂತ ಮೇಲಿನ ಕೊಂಡಿ. ಇವೆಲ್ಲ ಸಿಆರ್‌ಪಿಯನ್ನು ಬದಲಿಸುತ್ತವೆ, ಸುಳ್ಳಲ್ಲ. ಆದರೆ ಸಿಆರ್‌ಪಿಯನ್ನು ಮಾತ್ರ ಬದಲಿಸುವುದಿಲ್ಲ.

ಸಿಆರ್‌ಪಿ ಒಂದು ಪ್ರೋಟೀನ್, ಅದಕ್ಕೆ ಅದರದೇ ಜೀನ್ ಇದೆ. ಇದು ನಮ್ಮ ಪುಣ್ಯ. ಆ ಜೀನ್‌ನ ಒಳಗಿನ ಅಥವಾ ಪಕ್ಕದ ವೇರಿಯಂಟ್‌ಗಳನ್ನೇ ತೆಗೆದುಕೊಂಡರೆ ಅಡ್ಡದಾರಿಯ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. 2011ರಲ್ಲಿ 47 ಅಧ್ಯಯನಗಳ 1,94,418 ಜನರ ದತ್ತಾಂಶ ಒಟ್ಟುಗೂಡಿಸಿದ ಸಹಯೋಗ ಮಾಡಿದ್ದು ಇದನ್ನೇ. ಅವರು ಆರಿಸಿದ್ದು ನಾಲ್ಕೇ ವೇರಿಯಂಟ್: rs3093077, rs1205, rs1130864, rs1800947. ನಾಲ್ಕೂ ಸಿಆರ್‌ಪಿ ಜೀನ್‌ನಲ್ಲಿ ಅಥವಾ ಅದರ ಬಳಿ ಇರುವವು. ಪ್ರತಿ ಆಲೀಲ್‌ಗೆ ಸಿಆರ್‌ಪಿಯಲ್ಲಿ ಶೇ 30ರವರೆಗೂ ವ್ಯತ್ಯಾಸ ಕಂಡಿತ್ತು. ನಾಲ್ಕು ವೇರಿಯಂಟ್ ತೀರ ಕಡಿಮೆಯಾಯಿತಲ್ಲ ಎನಿಸಬಹುದು. ಗೊತ್ತಿಲ್ಲದ ನಲವತ್ತಕ್ಕಿಂತ ಗೊತ್ತಿರುವ ನಾಲ್ಕು ಮೇಲು.

ನೀವು ಮಾಡುವಾಗ ಜೀನ್‌ನ ಎರಡೂ ಬದಿಗೆ ಸುಮಾರು 1 ಲಕ್ಷ ಬೇಸ್‌ಗಳ ಕಿಟಕಿ ಇಟ್ಟುಕೊಂಡು ಅದರೊಳಗಿನ ವೇರಿಯಂಟ್‌ಗಳನ್ನು ಹುಡುಕಿ. ಸಿಆರ್‌ಪಿ ಜೀನ್ ಕ್ರೋಮೋಸೋಮ್ 1ರಲ್ಲಿದೆ. ಜಿನೋಮ್‌ನ 37ನೇ ಆವೃತ್ತಿಗೂ 38ನೇ ಆವೃತ್ತಿಗೂ ಅದರ ಸ್ಥಾನ ಸುಮಾರು 30 ಸಾವಿರ ಬೇಸ್‌ಗಳಷ್ಟು ಸರಿದಿದೆ. ಒಂದು ಫೈಲ್ 37, ಇನ್ನೊಂದು 38 ಆಗಿದ್ದು ಸ್ಥಾನದ ಮೇಲೆ ಜೋಡಿಸಿದರೆ ಬೇರೆಯೇ ವೇರಿಯಂಟ್ ಕೈಗೆ ಬರುತ್ತದೆ ಅಥವಾ ಯಾವುದೂ ಬರುವುದಿಲ್ಲ. rs ಸಂಖ್ಯೆಯ ಮೇಲೆ ಜೋಡಿಸಿ.

ಆರಿಸಿದ ವೇರಿಯಂಟ್ ಬಲವಾಗಿದೆಯೇ ಎಂದು ಎಫ್ ಮೌಲ್ಯದಿಂದ ನೋಡಿ. ಒಂದೇ ವೇರಿಯಂಟ್‌ಗೆ ಅದು ಸಿಆರ್‌ಪಿ ಮೇಲಿನ ಪರಿಣಾಮವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ವರ್ಗ ಮಾಡಿದ್ದು. ಪರಿಣಾಮ 0.20, ಎರರ್ 0.01 ಇದ್ದರೆ ಎಫ್ 400. ಹತ್ತಕ್ಕಿಂತ ಕಡಿಮೆ ಇದ್ದರೆ ಆ ವೇರಿಯಂಟನ್ನು ನಂಬಬೇಡಿ. ದುರ್ಬಲ ವೇರಿಯಂಟ್ ಮಾಡುವ ಕೇಡು ವಿನ್ಯಾಸದ ಮೇಲೆ ನಿಂತಿದೆ. ಎರಡು ಅಧ್ಯಯನಗಳಲ್ಲಿ ಜನ ಬೇರೆ ಬೇರೆ ಇದ್ದರೆ ಉತ್ತರ ಶೂನ್ಯದ ಕಡೆಗೆ ವಾಲುತ್ತದೆ. ಅದೇ ಜನ ಎರಡರಲ್ಲೂ ಇದ್ದರೆ ನಾವು ತಪ್ಪಿಸಿಕೊಳ್ಳಲು ಹೊರಟಿದ್ದ ಸಾಮಾನ್ಯ ರಿಗ್ರೆಶನ್‌ನ ಉತ್ತರದ ಕಡೆಗೇ ವಾಲುತ್ತದೆ.

## ಹಂತ 3: ಜನಸಂಖ್ಯೆ ಸಾಲುತ್ತದೆಯೇ ಎಂದು ಮುಂಚೆಯೇ ಲೆಕ್ಕ ಹಾಕಿ

ಈ ಹಂತವನ್ನು ಬಿಟ್ಟವರು ‘ಸಂಬಂಧ ಕಾಣಲಿಲ್ಲ’ ಎಂಬುದನ್ನು ‘ಸಂಬಂಧ ಇಲ್ಲ’ ಎಂದು ಬರೆಯುತ್ತಾರೆ. ವೇರಿಯಂಟ್‌ಗಳು ಸಿಆರ್‌ಪಿಯ ಒಟ್ಟು ವ್ಯತ್ಯಾಸದಲ್ಲಿ ಶೇ 2ರಷ್ಟನ್ನು ವಿವರಿಸುತ್ತವೆ ಎಂದಿಟ್ಟುಕೊಳ್ಳಿ. ಹೃದ್ರೋಗ ದತ್ತಾಂಶದಲ್ಲಿ ಅರ್ಧ ಜನ ರೋಗಿಗಳು ಎಂದಿರಲಿ. ಪರಿಣಾಮ ನಿಜವಾಗಿ ಇದ್ದರೆ ಅದನ್ನು ಹಿಡಿಯುವ ಶೇ 80 ಸಾಮರ್ಥ್ಯಕ್ಕೆ ಬೇಕಾಗುವ ಒಟ್ಟು ಜನ:

```r
R2 <- 0.02; p <- 0.5; OR <- 1.33
(2.8 / log(OR))^2 / (R2 * p * (1 - p))
```

ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಆಡ್ಸ್ ಅನುಪಾತ 1.33 ಇದ್ದರೆ ಅದನ್ನು ಹಿಡಿಯಲು ಸುಮಾರು 19,300 ಜನ ಸಾಕು. 1.10ನ್ನು ಹಿಡಿಯಬೇಕಾದರೆ ಸುಮಾರು 1,72,600 ಜನ ಬೇಕು. ಕೋಡ್‌ನಲ್ಲಿ `OR` ಬದಲಿಸಿ ನೋಡಿದರೆ ಸಂಖ್ಯೆ ಹೇಗೆ ಹಾರುತ್ತದೆ ಎಂಬುದು ಗೊತ್ತಾಗುತ್ತದೆ. ನಿಮ್ಮ ಬಳಿ 5,000 ಜನರ ದತ್ತಾಂಶ ಮಾತ್ರ ಇದ್ದರೆ ಇಲ್ಲೇ ನಿಂತು ದೊಡ್ಡ ದತ್ತಾಂಶ ಹುಡುಕಿ.

## ಹಂತ 4: ಆಲೀಲ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ

ಸಿಆರ್‌ಪಿ ಫೈಲಿನಲ್ಲಿ ಪರಿಣಾಮ C ಆಲೀಲ್‌ಗೆ, ಹೃದ್ರೋಗ ಫೈಲಿನಲ್ಲಿ T ಆಲೀಲ್‌ಗೆ ಬರೆದಿರಬಹುದು. ಹಾಗಿದ್ದರೆ ಒಂದರ ಚಿಹ್ನೆಯನ್ನು ತಿರುಗಿಸಬೇಕು. ಮರೆತರೆ ಹಾನಿಕರವಾದದ್ದು ರಕ್ಷಕವಾಗಿ ಕಾಣುತ್ತದೆ, ಮತ್ತು ಯಾವ ದೋಷಸಂದೇಶವೂ ಬರುವುದಿಲ್ಲ.

C ಮತ್ತು T ಇದ್ದರೆ ಕೆಲಸ ಸುಲಭ. ತೊಡಕು ಇರುವುದು C/G ಅಥವಾ A/T ಜೋಡಿಗಳಲ್ಲಿ. ಡಿಎನ್‌ಎಯ ಒಂದು ಎಳೆಯ C ಎದುರು ಎಳೆಯಲ್ಲಿ G ಆಗಿರುತ್ತದೆ. ಹಾಗಾಗಿ ಎರಡು ಫೈಲ್‌ಗಳು ಬೇರೆ ಬೇರೆ ಎಳೆಯನ್ನು ಓದಿದ್ದರೆ ಅಕ್ಷರ ನೋಡಿ ಅದು ಗೊತ್ತಾಗುವುದೇ ಇಲ್ಲ. ನಮ್ಮ ನಾಲ್ಕರಲ್ಲಿ rs1800947 ಇಂಥದ್ದೇ C/G ವೇರಿಯಂಟ್. ಸಾಲದ್ದಕ್ಕೆ ಸಿಆರ್‌ಪಿ ಜೀನ್ ಹಿಮ್ಮುಖ ಎಳೆಯಲ್ಲಿದೆ. ಹಳೆಯ ಲೇಖನಗಳು ಜೀನ್‌ನ ದಿಕ್ಕಿನಲ್ಲಿ ಆಲೀಲ್ ಬರೆದಿದ್ದರೆ ಜಿನೋಮ್-ವ್ಯಾಪಿ ಫೈಲ್‌ಗಳು ಮುಮ್ಮುಖ ಎಳೆಯಲ್ಲಿ ಬರೆದಿರುತ್ತವೆ.

ಇಲ್ಲಿ ಕೈಹಿಡಿಯುವುದು ಆವರ್ತನ. rs1800947ರ ವಿರಳ ಆಲೀಲ್ ಯುರೋಪ್ ಮೂಲದವರಲ್ಲಿ ನೂರಕ್ಕೆ ಕೆಲವೇ ಪ್ರತಿಗಳಷ್ಟಿದೆ. ಎರಡೂ ಫೈಲ್‌ಗಳಲ್ಲಿ ವಿರಳವಾದದ್ದು ಯಾವುದೋ ಅದೇ ಒಂದೇ ಆಲೀಲ್ ಎಂದು ಧೈರ್ಯವಾಗಿ ಹೇಳಬಹುದು. ಆವರ್ತನ 0.5ರ ಹತ್ತಿರ ಇದ್ದಿದ್ದರೆ ಹಾಗೆ ಹೇಳಲಾಗದು, ಆ ವೇರಿಯಂಟನ್ನು ಕೈಬಿಡಬೇಕು. ಕೆಳಗೆ `exp_dat` ಎಂದರೆ ಆರ್‌ಗೆ ಓದಿಕೊಂಡ ಸಿಆರ್‌ಪಿ ಫೈಲ್, `out_dat` ಎಂದರೆ ಹೃದ್ರೋಗ ಫೈಲ್:

```r
dat <- TwoSampleMR::harmonise_data(exp_dat, out_dat, action = 2)
table(dat$palindromic, dat$mr_keep)
```

`action = 2` ಆವರ್ತನ ನೋಡಿ ಎಳೆಯನ್ನು ಊಹಿಸುತ್ತದೆ, ಊಹಿಸಲಾಗದ್ದನ್ನು ಬದಿಗಿಡುತ್ತದೆ. ಎರಡನೇ ಸಾಲನ್ನು ಬಿಡಬೇಡಿ, ಎಷ್ಟು ವೇರಿಯಂಟ್‌ಗಳು ಸದ್ದಿಲ್ಲದೆ ಹೊರಗೆ ಹೋದವೆಂದು ಅದು ತೋರಿಸುತ್ತದೆ. ಆಮೇಲೆ ಎರಡೂ ಆವರ್ತನದ ಕಾಲಂಗಳನ್ನು ಪಕ್ಕಪಕ್ಕ ಇಟ್ಟು ಕಣ್ಣಲ್ಲೇ ಓದಿ. ಒಂದರಲ್ಲಿ 0.06, ಇನ್ನೊಂದರಲ್ಲಿ 0.94 ಇದ್ದರೆ ಆಲೀಲ್ ಇನ್ನೂ ತಿರುಗಿಯೇ ಇದೆ. 0.06 ಮತ್ತು 0.25 ಇದ್ದರೆ ಎರಡು ಫೈಲ್‌ಗಳ ಜನರ ಮೂಲವೇ ಬೇರೆ ಇರಬಹುದು. ಬೇರೆ ಮೂಲದ ಜನರ ಫೈಲ್‌ಗಳನ್ನು ಬೆರೆಸಬೇಡಿ: ಪರಿಣಾಮವೂ ಬದಲಾಗುತ್ತದೆ, ಅಕ್ಕಪಕ್ಕದ ವೇರಿಯಂಟ್‌ಗಳ ನಂಟೂ ಬದಲಾಗುತ್ತದೆ.

## ಹಂತ 5: ಲೆಕ್ಕ ಮಾಡಿ, ಮೊದಲು ಕೈಯಲ್ಲೇ

ಒಂದು ವೇರಿಯಂಟ್‌ನ ಲೆಕ್ಕ ಬರೀ ಒಂದು ಭಾಗಾಕಾರ. ಹೃದ್ರೋಗದ ಮೇಲಿನ ಪರಿಣಾಮವನ್ನು ಸಿಆರ್‌ಪಿ ಮೇಲಿನ ಪರಿಣಾಮದಿಂದ ಭಾಗಿಸಿ. ಇದಕ್ಕೆ ವಾಲ್ಡ್ ಅನುಪಾತ ಎನ್ನುತ್ತಾರೆ.

ಅಭ್ಯಾಸಕ್ಕೆಂದು ಈ ಅಂಕಿಗಳನ್ನು ಇಟ್ಟುಕೊಳ್ಳೋಣ. ವೇರಿಯಂಟ್ ‘ಅ’ ಪ್ರತಿ ಆಲೀಲ್‌ಗೆ ಲಾಗ್ ಸಿಆರ್‌ಪಿಯನ್ನು 0.20 ಏರಿಸುತ್ತದೆ, ಅಂದರೆ ಸಿಆರ್‌ಪಿ ಸುಮಾರು ಶೇ 22 ಹೆಚ್ಚು. ಹೃದ್ರೋಗದ ಲಾಗ್ ಆಡ್ಸ್ ಮೇಲೆ ಅದರ ಪರಿಣಾಮ 0.004, ಸ್ಟ್ಯಾಂಡರ್ಡ್ ಎರರ್ 0.012. ಭಾಗಿಸಿದರೆ 0.02. ಎರರ್ ಅನ್ನೂ 0.20ರಿಂದ ಭಾಗಿಸಿದರೆ 0.06. ಆಡ್ಸ್ ಅನುಪಾತ 1.02, ಶೇ 95 ಕಾನ್ಫಿಡೆನ್ಸ್ ಇಂಟರ್ವಲ್ 0.91ರಿಂದ 1.15.

ವೇರಿಯಂಟ್ ‘ಆ’ ಸಿಆರ್‌ಪಿಯನ್ನು 0.10 ಏರಿಸುತ್ತದೆ, ಹೃದ್ರೋಗದ ಮೇಲೆ −0.003, ಎರರ್ 0.010. ಇವೆರಡನ್ನು ಸೇರಿಸುವಾಗ ಹೆಚ್ಚು ನಿಖರವಾದದ್ದಕ್ಕೆ ಹೆಚ್ಚು ತೂಕ ಕೊಡಬೇಕು:

```r
bx <- c(0.20, 0.10)
by <- c(0.004, -0.003)
sy <- c(0.012, 0.010)
w  <- bx^2 / sy^2
est <- sum(w * by / bx) / sum(w)
se  <- 1 / sqrt(sum(w))
exp(est + c(0, -1.96, 1.96) * se)
```

ಉತ್ತರ 1.01, ಇಂಟರ್ವಲ್ 0.91ರಿಂದ 1.11. ಪ್ಯಾಕೇಜ್‌ಗಳಲ್ಲಿ ಐವಿಡಬ್ಲ್ಯೂ ಎಂದು ಬರುವ ವಿಧಾನದ ತಿರುಳು ಇಷ್ಟೇ.

ಆದರೆ ಈ ಸೂತ್ರ ಎರಡೂ ವೇರಿಯಂಟ್‌ಗಳು ಸ್ವತಂತ್ರ ಎಂದು ನಂಬಿಕೊಂಡಿದೆ. ಒಂದೇ ಜೀನ್‌ನಲ್ಲಿರುವ ವೇರಿಯಂಟ್‌ಗಳು ಬಹುಮಟ್ಟಿಗೆ ಒಟ್ಟೊಟ್ಟಿಗೆ ಆನುವಂಶಿಕವಾಗಿ ಬರುತ್ತವೆ, ಸ್ವತಂತ್ರವಾಗಿರುವುದಿಲ್ಲ. ಅದನ್ನು ಮರೆತರೆ ಒಂದೇ ಮಾಹಿತಿಯನ್ನು ಎರಡು ಸಲ ಎಣಿಸಿದಂತಾಗಿ ಇಂಟರ್ವಲ್ ಸುಳ್ಳುಸುಳ್ಳೇ ಕಿರಿದಾಗುತ್ತದೆ. ಇದಕ್ಕೆ ವೇರಿಯಂಟ್‌ಗಳ ನಡುವಿನ ಸಹಸಂಬಂಧದ ಮ್ಯಾಟ್ರಿಕ್ಸನ್ನು ಜೊತೆಗೆ ಕೊಡಬೇಕು. ಕೆಳಗೆ `sx` ಎಂದರೆ ಸಿಆರ್‌ಪಿ ಪರಿಣಾಮದ ಎರರ್, `rho` ಎಂದರೆ ಆ ಮ್ಯಾಟ್ರಿಕ್ಸ್:

```r
library(MendelianRandomization)
m <- mr_input(bx = bx, bxse = sx, by = by, byse = sy,
              correlation = rho)
mr_ivw(m)
```

ಇಲ್ಲಿ ಬಹಳ ಜನ ಬೀಳುವ ಗುಂಡಿಯೊಂದಿದೆ. `rho`ದ ಚಿಹ್ನೆ ಯಾವ ಆಲೀಲನ್ನು ಎಣಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ನಾಲ್ಕನೇ ಹಂತದಲ್ಲಿ ಒಂದು ವೇರಿಯಂಟನ್ನು ತಿರುಗಿಸಿದ್ದರೆ ಮ್ಯಾಟ್ರಿಕ್ಸ್‌ನಲ್ಲಿ ಅದರ ಸಾಲಿನ ಮತ್ತು ಕಂಬದ ಚಿಹ್ನೆಯನ್ನೂ ತಿರುಗಿಸಬೇಕು. ಒಂದೊಂದೇ ವೇರಿಯಂಟ್‌ನ ಅನುಪಾತಗಳು ಶೂನ್ಯದ ಸುತ್ತ ಇದ್ದೂ ಒಟ್ಟು ಉತ್ತರ ಎಲ್ಲೋ ದೂರ ಹಾರಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಇನ್ನೊಂದು ತುದಿಯ ತಪ್ಪೂ ಇದೆ. `TwoSampleMR`ನ ಡೀಫಾಲ್ಟ್ ಆಯ್ಕೆ 1 ಕೋಟಿ ಬೇಸ್‌ಗಳೊಳಗೆ ಆರ್-ವರ್ಗ 0.001ಕ್ಕಿಂತ ಹೆಚ್ಚು ನಂಟಿರುವ ವೇರಿಯಂಟ್‌ಗಳನ್ನು ತೆಗೆದುಹಾಕುತ್ತದೆ. ಇಡೀ ಜಿನೋಮ್‌ಗೆ ಅದು ಸರಿ. ಒಂದೇ ಜೀನ್‌ನೊಳಗೆ ಹಾಗೆ ಮಾಡಿದರೆ ಸಾಮಾನ್ಯವಾಗಿ ಒಂದೇ ವೇರಿಯಂಟ್ ಉಳಿಯುತ್ತದೆ. ಅದರಿಂದ ಉತ್ತರ ಕೆಡುವುದಿಲ್ಲ, ಆದರೆ ನಿಖರತೆ ಕಳೆದುಕೊಳ್ಳುತ್ತೀರಿ.

## ಹಂತ 6: ಬೇಕೆಂದೇ ತಪ್ಪು ವೇರಿಯಂಟ್ ಹಾಕಿ ನೋಡಿ

ಈ ಹಂತ ಪಠ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಡ್ಡದಾರಿ ಎಂದರೆ ಏನೆಂದು ಮನಸ್ಸಿಗೆ ಇಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಮತ್ತೊಂದಿಲ್ಲ.

ಐಎಲ್6ಆರ್ ಜೀನ್‌ನಲ್ಲಿ rs2228145 ಎಂಬ ವೇರಿಯಂಟ್ ಇದೆ. 2012ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ ಅದರ ಪ್ರತಿ ಆಲೀಲ್‌ಗೆ ಸಿಆರ್‌ಪಿ ಶೇ 7.5 ಕಡಿಮೆಯಾಗಿತ್ತು, ಕೊರೊನರಿ ಹೃದ್ರೋಗದ ಅಪಾಯ ಶೇ 3.4 ಕಡಿಮೆಯಾಗಿತ್ತು, ಇಂಟರ್ವಲ್ ಶೇ 1.8ರಿಂದ 5.0. ಇದನ್ನು ಸಿಆರ್‌ಪಿಯ ವೇರಿಯಂಟ್ ಎಂದೇ ಭಾವಿಸಿ ಲೆಕ್ಕ ಹಾಕಿ.

ಲಾಗ್ ಸಿಆರ್‌ಪಿ ಮೇಲಿನ ಪರಿಣಾಮ −0.078, ಹೃದ್ರೋಗದ ಮೇಲಿನದು −0.0346. ಭಾಗಿಸಿದರೆ 0.444. ಅಂದರೆ ಲಾಗ್ ಸಿಆರ್‌ಪಿ 1 ಘಟಕ ಏರಿದರೆ ಅಪಾಯ 1.56 ಪಟ್ಟು, ಇಂಟರ್ವಲ್ 1.26ರಿಂದ 1.93. ಸಾಮಾನ್ಯ ರಿಗ್ರೆಶನ್ ಕೊಟ್ಟಿದ್ದಕ್ಕಿಂತಲೂ ಜೋರಾದ ಉತ್ತರ, ಪಿ-ಮೌಲ್ಯವೂ ಪುಟ್ಟದು. ನಾಲ್ಕು ಸಾಲಿನ ಕೋಡ್ ಇದನ್ನು ಯಾವ ಅಡ್ಡಿಯೂ ಇಲ್ಲದೆ ಮುದ್ರಿಸಿ ಕೊಡುತ್ತದೆ.

ಎಡವಟ್ಟಾದದ್ದು ಎಲ್ಲಿ? ಈ ವೇರಿಯಂಟ್ ಇಂಟರ್‌ಲ್ಯೂಕಿನ್-6ರ ಸಂಕೇತವನ್ನು ಕುಗ್ಗಿಸುತ್ತದೆ. ಆ ಸಂಕೇತ ಕುಗ್ಗಿದಾಗ ಯಕೃತ್ತು ಸಿಆರ್‌ಪಿಯನ್ನು ಕಡಿಮೆ ಮಾಡುತ್ತದೆ, ಫೈಬ್ರಿನೋಜನ್ ಕೂಡ ಇಳಿಯುತ್ತದೆ, ಉರಿಯೂತದ ಬೇರೆ ಕೊಂಡಿಗಳೂ ತಣ್ಣಗಾಗುತ್ತವೆ. ಹೃದ್ರೋಗ ಕಡಿಮೆಯಾದದ್ದು ಇವುಗಳಲ್ಲಿ ಯಾವುದರಿಂದ ಎಂದು ಈ ವೇರಿಯಂಟ್ ಹೇಳಲಾರದು. ಸಿಆರ್‌ಪಿ ಇಳಿದದ್ದು ಜೊತೆಯಲ್ಲಿ ನಡೆದ ಒಂದು ಸಂಗತಿ ಅಷ್ಟೇ.

ಈಗ ಇದನ್ನು ‘ಅ’, ‘ಆ’ ಜೊತೆ ಸೇರಿಸಿ. ಒಟ್ಟು ಉತ್ತರ 1.01ರಿಂದ 1.09ಕ್ಕೆ ಏರುತ್ತದೆ, ಇಂಟರ್ವಲ್ ಸುಮಾರು 1.00ರಿಂದ 1.20. ಒಂದೇ ಒಂದು ವೇರಿಯಂಟ್ ಇಷ್ಟು ಎಳೆದಿದೆ. ಅನುಪಾತಗಳು ಒಂದಕ್ಕೊಂದು ಎಷ್ಟು ದೂರ ಇವೆ ಎಂದು ಅಳೆಯುವ ಕಾಕ್ರನ್‌ನ ಕ್ಯೂ ಮೌಲ್ಯ ಮೊದಲು 0.18 ಇದ್ದದ್ದು ಈಗ ಸುಮಾರು 13.4 ಆಗುತ್ತದೆ; ಎರಡು ಡಿಗ್ರಿ ಆಫ್ ಫ್ರೀಡಂಗೆ ಪಿ-ಮೌಲ್ಯ ಸುಮಾರು 0.001. ಗಂಟೆ ಬಾರಿಸಿತು.

ಆದರೆ ಗಂಟೆ ಯಾವಾಗಲೂ ಬಾರಿಸುವುದಿಲ್ಲ. ಪಟ್ಟಿಯಲ್ಲಿದ್ದವೆಲ್ಲ ಇಂಟರ್‌ಲ್ಯೂಕಿನ್-6ರ ದಾರಿಯ ವೇರಿಯಂಟ್‌ಗಳೇ ಆಗಿದ್ದರೆ ಅವುಗಳ ಅನುಪಾತಗಳು ಒಂದಕ್ಕೊಂದು ಹೊಂದಿಕೊಂಡು ಕ್ಯೂ ಸುಮ್ಮನಿರುತ್ತದೆ. ಎಲ್ಲರೂ ಒಂದೇ ತಪ್ಪನ್ನು ಹೇಳಿದಾಗ ಅವರಲ್ಲಿ ಭಿನ್ನಾಭಿಪ್ರಾಯ ಕಾಣುವುದಿಲ್ಲವಲ್ಲ.

## ಹಂತ 7: ಪರೀಕ್ಷೆಗಳನ್ನು ಆರಿಸಿ ಮಾಡಿ

ಎಮ್‌ಆರ್-ಎಗ್ಗರ್, ವೆಯ್ಟೆಡ್ ಮೀಡಿಯನ್, ಮೋಡ್ ವಿಧಾನಗಳೆಲ್ಲವನ್ನೂ ಓಡಿಸಿ ದೊಡ್ಡ ಕೋಷ್ಟಕ ಹಾಕುವ ರೂಢಿಯಿದೆ. ಅವು ಇರುವುದು ಜಿನೋಮ್‌ನ ಬೇರೆ ಬೇರೆ ಜಾಗದ ಹತ್ತಾರು ಸ್ವತಂತ್ರ ವೇರಿಯಂಟ್‌ಗಳಿಗೆ. ಒಂದೇ ಜೀನ್‌ನ ನಾಲ್ಕು ವೇರಿಯಂಟ್‌ಗಳ ಮೇಲೆ ಎಗ್ಗರ್ ಓಡಿಸಿದರೆ ಇಂಟರ್ವಲ್ ವಿಪರೀತ ಅಗಲವಾಗುತ್ತದೆ. ಅದರ ಇಂಟರ್‌ಸೆಪ್ಟ್ ಶೂನ್ಯಕ್ಕೆ ಹತ್ತಿರ ಬಂದರೂ ಏನೂ ಹೇಳಿದಂತಾಗುವುದಿಲ್ಲ. ‘ಎಗ್ಗರ್ ಇಂಟರ್‌ಸೆಪ್ಟ್‌ನ ಪಿ-ಮೌಲ್ಯ 0.6, ಆದ್ದರಿಂದ ಅಡ್ಡದಾರಿ ಇಲ್ಲ’ ಎಂಬ ವಾಕ್ಯ ಬರೆದಿದ್ದರೆ ಅಳಿಸಿ.

ಒಂದೇ ಜೀನ್‌ನ ವಿಶ್ಲೇಷಣೆಗೆ ಎರಡು ಪರೀಕ್ಷೆಗಳು ನಿಜವಾಗಿ ಬೇಕು. ಮೊದಲನೆಯದು, ಪ್ರತಿ ವೇರಿಯಂಟ್‌ಗೂ ಎಲ್‌ಡಿಎಲ್, ರಕ್ತದೊತ್ತಡ, ದೇಹತೂಕ, ಧೂಮಪಾನದ ಜೊತೆ ನಂಟಿದೆಯೇ ಎಂದು ನೋಡುವುದು. rs4420638ನ್ನು ಹೀಗೆ ನೋಡಿದರೆ ಎಲ್‌ಡಿಎಲ್ ಜೊತೆಗಿನ ನಂಟು ತಕ್ಷಣ ಎದ್ದು ಕಾಣುತ್ತದೆ. ಅದು ಎಪಿಒಇ ಬಳಿಯದ್ದು. ನಂಟು ಕಂಡ ಮಾತ್ರಕ್ಕೆ ವೇರಿಯಂಟ್ ಕೆಟ್ಟದ್ದು ಎಂದಲ್ಲ. ಸಿಆರ್‌ಪಿಯೇ ಮುಂದೆ ಆ ಅಂಶವನ್ನು ಬದಲಿಸಿರಬಹುದು, ಆಗ ಅದು ಅದೇ ದಾರಿಯ ಮುಂದುವರಿಕೆ. ಜೀವಶಾಸ್ತ್ರ ಓದಿ ತೀರ್ಮಾನಿಸಬೇಕು.

ಎರಡನೆಯದು ಕೊಲೊಕಲೈಸೇಶನ್. ವೇರಿಯಂಟ್‌ಗೆ ಹೃದ್ರೋಗದ ಜೊತೆ ನಂಟು ಕಂಡಾಗ ಮಾತ್ರ ಇದರ ಅಗತ್ಯ. ಸಿಆರ್‌ಪಿಯನ್ನು ಏರಿಸುವ ವೇರಿಯಂಟ್ ಒಂದು, ಹೃದ್ರೋಗ ತರುವ ವೇರಿಯಂಟ್ ಪಕ್ಕದ ಇನ್ನೊಂದು, ಎರಡೂ ಒಟ್ಟಿಗೆ ಸಾಗಿ ಬಂದಿರಬಹುದು. `coloc` ಪ್ಯಾಕೇಜ್‌ನ `coloc.abf` ಇದನ್ನು ಬೇರ್ಪಡಿಸಿ ನೋಡುತ್ತದೆ. ಅದರ `PP.H4` 0.8ಕ್ಕಿಂತ ಹೆಚ್ಚಿದ್ದರೆ ಎರಡಕ್ಕೂ ವೇರಿಯಂಟ್ ಒಂದೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. `PP.H3` ಹೆಚ್ಚಿದ್ದರೆ ನಿಮ್ಮ ಉತ್ತರ ನೆರೆಮನೆಯವರದ್ದು.

ಸಿಆರ್‌ಪಿ ಫೈಲ್ ದೇಹತೂಕಕ್ಕೆ ಸರಿಹೊಂದಿಸಿದ್ದೇ ಎಂದೂ ನೋಡಿ. ಸಾಮಾನ್ಯ ರಿಗ್ರೆಶನ್‌ನಲ್ಲಿ ಒಳ್ಳೆಯದೆನಿಸುವ ಈ ಸರಿಹೊಂದಿಕೆ ಇಲ್ಲಿ ಕೇಡು ಮಾಡಬಹುದು. ವೇರಿಯಂಟ್‌ಗೂ ದೇಹತೂಕವನ್ನು ಬದಲಿಸುವ ಇತರ ಅಂಶಗಳಿಗೂ ಇಲ್ಲದ ನಂಟನ್ನು ಅದು ಹುಟ್ಟಿಸಬಲ್ಲದು. ಸರಿಹೊಂದಿಸದ ಫೈಲ್ ಇದ್ದರೆ ಅದನ್ನೇ ಬಳಸಿ.

## ಹಂತ 8: ಸಂಖ್ಯೆಯನ್ನು ಓದಿ, ಬರೆಯಿರಿ

2011ರ ವಿಶ್ಲೇಷಣೆಯ ಉತ್ತರಕ್ಕೆ ಬರೋಣ. ಸಾಮಾನ್ಯ ಅಧ್ಯಯನಗಳಲ್ಲಿ ಲಾಗ್ ಸಿಆರ್‌ಪಿ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಹೆಚ್ಚಿದ್ದರೆ ಹೃದ್ರೋಗದ ಅಪಾಯ 1.33 ಪಟ್ಟು, ಇಂಟರ್ವಲ್ 1.23ರಿಂದ 1.43. ಅಷ್ಟೇ ಏರಿಕೆ ವೇರಿಯಂಟ್‌ಗಳಿಂದ ಬಂದಾಗ 1.00, ಇಂಟರ್ವಲ್ 0.90ರಿಂದ 1.13.

ಎರಡನೇ ಸಾಲಿನಲ್ಲಿ ಮುಖ್ಯವಾದದ್ದು 1.00 ಅಲ್ಲ, 1.13. ಇಂಟರ್ವಲ್‌ನ ಮೇಲ್ತುದಿಯೇ 1.33ನ್ನು ಮುಟ್ಟುವುದಿಲ್ಲ. ಅದರಿಂದಾಗಿಯೇ ‘ಸಾಮಾನ್ಯ ಅಧ್ಯಯನಗಳು ತೋರಿದಷ್ಟು ದೊಡ್ಡ ಪರಿಣಾಮ ಸಿಆರ್‌ಪಿಗೆ ಇಲ್ಲ’ ಎಂದು ಹೇಳಲು ಸಾಧ್ಯವಾಯಿತು. ಇಂಟರ್ವಲ್ 0.70ರಿಂದ 1.43 ಇದ್ದಿದ್ದರೆ ಅದೇ 1.00ರಿಂದ ಏನನ್ನೂ ಹೇಳಲಾಗುತ್ತಿರಲಿಲ್ಲ. 1.05ರಂಥ ಸಣ್ಣ ಪರಿಣಾಮವನ್ನು ಮಾತ್ರ ಈ ಫಲಿತಾಂಶವೂ ತಳ್ಳಿಹಾಕುವುದಿಲ್ಲ. ಬರೆಯುವಾಗ ಅದನ್ನೂ ಬರೆಯಿರಿ.

ತೀರ್ಮಾನದ ವಾಕ್ಯ ಮೊದಲ ಹಂತದ ಪ್ರಶ್ನೆಗಿಂತ ಅಗಲವಾಗಬಾರದು. ‘ಸಿಆರ್‌ಪಿ ಪ್ರಮಾಣ ಹೃದ್ರೋಗಕ್ಕೆ ಗಣನೀಯ ಕಾರಣ ಎಂಬುದಕ್ಕೆ ಆಧಾರ ಸಿಗಲಿಲ್ಲ’ ಎಂದು ಬರೆಯಬಹುದು. ‘ಉರಿಯೂತಕ್ಕೂ ಹೃದ್ರೋಗಕ್ಕೂ ಸಂಬಂಧವಿಲ್ಲ’ ಎಂದು ಬರೆದರೆ ತಪ್ಪು. ಐಎಲ್6ಆರ್ ವೇರಿಯಂಟ್ ಆಗಲೇ ಅದಕ್ಕೆ ವಿರುದ್ಧ ಸಾಕ್ಷಿ ಹೇಳಿದೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಸಿಆರ್‌ಪಿಗಿಂತ ಮೇಲಿನ ಇನ್ನೊಂದು ಕೊಂಡಿಯಾದ ಇಂಟರ್‌ಲ್ಯೂಕಿನ್-1 ಬೀಟಾವನ್ನು ಕ್ಯಾನಕಿನುಮ್ಯಾಬ್ ಔಷಧದಿಂದ ತಡೆದಾಗ, ಎಲ್‌ಡಿಎಲ್ ಇಳಿಯದೆಯೇ 150 ಮಿಲಿಗ್ರಾಂ ಪ್ರಮಾಣದ ಗುಂಪಿನಲ್ಲಿ ಹೃದಯ ಸಂಬಂಧಿ ಘಟನೆಗಳು ಸುಮಾರು ಶೇ 15 ಕಡಿಮೆಯಾದವು. ಸಿಆರ್‌ಪಿ ಅಳೆದು ಅಪಾಯವನ್ನು ಅಂದಾಜಿಸುವುದಕ್ಕೂ ಈ ಫಲಿತಾಂಶದಿಂದ ಧಕ್ಕೆಯಿಲ್ಲ, ಏಕೆಂದರೆ ಮುನ್ಸೂಚನೆ ಕೊಡುವ ಗುರುತು ಕಾರಣವೇ ಆಗಿರಬೇಕೆಂದಿಲ್ಲ.

ವರದಿಯಲ್ಲಿ ವೇರಿಯಂಟ್‌ಗಳ ಪಟ್ಟಿ, ಪ್ರತಿಯೊಂದರ ಆಲೀಲ್, ಆವರ್ತನ, ಎರಡೂ ಪರಿಣಾಮ, ಎರರ್ ಕೊಡಿ. ಕೈಬಿಟ್ಟ ವೇರಿಯಂಟ್ ಯಾವುದು, ಏಕೆ ಎಂಬುದನ್ನೂ ಅಲ್ಲೇ ಹೇಳಿ. ಎರಡೂ ಅಧ್ಯಯನಗಳಲ್ಲಿ ಇರುವ ಅದೇ ಜನ ಎಷ್ಟು ಎಂಬುದನ್ನು ಬರೆಯಿರಿ. 2021ರಲ್ಲಿ ಬಂದ ಸ್ಟ್ರೋಬ್-ಎಮ್‌ಆರ್ ಪರಿಶೀಲನಾ ಪಟ್ಟಿ ಇದಕ್ಕೆಂದೇ ಇದೆ. ಲೇಖನ ಬರೆದು ಮುಗಿದ ಮೇಲೆ ಹುಡುಕುವ ಬದಲು ಎರಡನೇ ಹಂತಕ್ಕೆ ಮುಂಚೆಯೇ ತೆರೆದಿಟ್ಟುಕೊಳ್ಳಿ.